ರೇಡಿಯೇಷನ್ ದಿನಚರಿ: ದಿನ ಬೇರೆ, ಸರದಿ ಬೇರೆ

“ಅಮ್ಮನಿಗೆ ಸ್ತನ ಕ್ಯಾನ್ಸರ್, ರೇಡಿಯೇಷನ್ ಶುರುವಾಗಿ 18 ದಿನ ಆಯ್ತು. ಕಾರ್ಡಿನಲ್ಲಿ 13 ಅಂತಿದೆ. ಡೋಸ್, ಸುಸ್ತು, ಚರ್ಮ ಕೆಂಪಾಗಿದ್ದು ಎಲ್ಲ ಒಟ್ಟಿಗೆ ಗೀಚಿಟ್ಟಿದ್ದೇನೆ. ಹೇಗೆ ಜೋಡಿಸಲಿ?”

ನೀವು ದಿನ ಎಣಿಸಿದ್ದೀರಿ, ಕಾರ್ಡು ಸರದಿ, ಅಂದರೆ ಎಷ್ಟು ಸಲ ರೇಡಿಯೇಷನ್ ಕೊಟ್ಟರು ಎಂಬುದನ್ನು, ಎಣಿಸುತ್ತದೆ. ಸೋಮವಾರ ಶುರುವಾಗಿದ್ದರೆ 18 ದಿನದಲ್ಲಿ ರೇಡಿಯೇಷನ್ ಇಲ್ಲದ ಎರಡು ಶನಿವಾರ, ಎರಡು ಭಾನುವಾರ, ಒಟ್ಟು ನಾಲ್ಕು ದಿನ ಹೋಗುತ್ತವೆ. ಉಳಿದ ಒಂದು ದಿನ ರಜೆಯೋ, ಮೆಷಿನ್ ರಿಪೇರಿಯೋ ಇರಬೇಕು.

ಮೊದಲು ಕಾರ್ಡು ನೋಡಿ ಸರದಿ ಸಂಖ್ಯೆ, ದಿನಾಂಕ, ಆ ದಿನದ ಡೋಸ್, ಒಟ್ಟು ಡೋಸ್ ಬರೆಯಿರಿ. ತಪ್ಪಿದ ದಿನಕ್ಕೂ ಒಂದು ಸಾಲು ಇರಲಿ, ಆದರೆ ಸಂಖ್ಯೆ ಹಾಕಬೇಡಿ. ಡೋಸನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಉದಾಹರಣೆಗೆ 15 ಸರದಿಯಲ್ಲಿ 40.05 ಗ್ರೇ ಎಂದಿದ್ದರೆ ಸರದಿಗೆ 2.67. ಹದಿಮೂರನೆಯದು ಮುಗಿದಾಗ ಒಟ್ಟು 34.71. ಬೂಸ್ಟ್, ಅಂದರೆ ಗಡ್ಡೆ ಇದ್ದ ಜಾಗಕ್ಕೆ ಹೆಚ್ಚುವರಿ ಡೋಸ್, ಕೊಟ್ಟರೆ ಅದನ್ನು ಇದಕ್ಕೆ ಕೂಡಿಸಬೇಡಿ, ಬೇರೆ ಪುಟದಲ್ಲಿ ಬರೆಯಿರಿ. ಅದು ಸಣ್ಣ ಜಾಗಕ್ಕೆ ಮಾತ್ರ ಬೀಳುತ್ತದೆ.

ಆಮೇಲೆ ನಿಮ್ಮ ಗೀಚಿದ್ದನ್ನು ದಿನಾಂಕ ನೋಡಿ ಆಯಾ ಸಾಲಿಗೆ ಸೇರಿಸಿ. ದಿನಾಂಕ ನೆನಪಿಲ್ಲದ್ದಕ್ಕೆ “ಅಂದಾಜು” ಅಂತ ಬರೆಯಿರಿ, ಸುಮ್ನೆ ಊಹಿಸಿ ತುಂಬಬೇಡಿ. ಚರ್ಮಕ್ಕೆ “ಪರವಾಗಿಲ್ಲ” ಅಂತ ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಕಂಕುಳು, ಸ್ತನದ ಕೆಳಗಿನ ಮಡಿಕೆ, ಹೀಗೆ ಜಾಗ ಹೇಳಿ. ತಿಳಿ ಕೆಂಪೋ, ಒಣಗಿ ಸಿಪ್ಪೆ ಏಳುತ್ತಿದೆಯೋ, ಒದ್ದೆಯಾಗಿ ಸುಲಿದಿದೆಯೋ ಬರೆಯಿರಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೆ ಬರೀ ಕಪ್ಪಾಗಬಹುದು, ಅದನ್ನೂ ಗುರುತಿಸಿ. ಹಚ್ಚಿದ ಮುಲಾಮಿನ ಹೆಸರೂ ಇರಲಿ.

ನೀರು ಒಸರಿದರೆ ಅಥವಾ ಜ್ವರ ಬಂದರೆ ಬರೆದಿಟ್ಟು ಕೂರಬೇಡಿ, ಅವತ್ತೇ ತಿಳಿಸಿ. ಕೊನೆಯ ಸರದಿಯ ನಂತರವೂ ಎರಡು ವಾರ ಚರ್ಮ ಜಾಸ್ತಿ ಕೆಡಬಹುದು, ಹಾಗಾಗಿ ಅಲ್ಲಿಯವರೆಗೂ ಬರೆಯುತ್ತಿರಿ.