ಇಂಟರ್ನ್‌ಶಿಪ್ ಕೈತಪ್ಪಿತು, ಕಾರಣ ಕೇಳಬಹುದಾ?

ಪ್ರಶ್ನೆ: ಏಳನೇ ಸೆಮಿಸ್ಟರ್ ಇಂಜಿನಿಯರಿಂಗ್ ಓದುತ್ತಿದ್ದೇನೆ ಸಾರ್. ಬೆಂಗಳೂರಿನ ಒಂದು ಕಂಪನಿಯಲ್ಲಿ ಡೇಟಾ ಅನಲಿಸ್ಟ್ ಇಂಟರ್ನ್‌ಶಿಪ್‌ಗೆ ಎರಡು ರೌಂಡ್ ಇಂಟರ್‌ವ್ಯೂ ಆಯ್ತು. ಚೆನ್ನಾಗೇ ಮಾಡಿದ್ದೆ ಅನ್ಕೊಂಡಿದ್ದೆ. ‘ಬೇರೆ ಅಭ್ಯರ್ಥಿಗಳನ್ನು ಆಯ್ಕೆ ಮಾಡಿದ್ದೇವೆ’ ಅಂತ ಮೇಲ್ ಬಂತು. ಕಾರಣ ಕೇಳಿದರೆ ತಪ್ಪು ತಿಳಿದುಕೊಳ್ಳುತ್ತಾರಾ? ಹೇಗೆ ಕೇಳೋದು?

ಉತ್ತರ: ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ‘ನನ್ನನ್ನು ಯಾಕೆ ರಿಜೆಕ್ಟ್ ಮಾಡಿದಿರಿ’ ಅಂತ ಮಾತ್ರ ಬರೆಯಬೇಡಿ. ನಾನು ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರುವವನು. ಆ ಸಾಲು ಕಂಡರೆ ನನಗೂ ಉತ್ತರ ಬರೆಯುವ ಮನಸ್ಸಾಗುವುದಿಲ್ಲ. ಏನು ಬರೆದರೂ ನಮ್ಮ ತೀರ್ಮಾನವನ್ನು ಸಮರ್ಥಿಸಿಕೊಂಡ ಹಾಗಾಗುತ್ತದೆ. ಆಮೇಲೆ ಅದನ್ನೇ ಹಿಡಿದು ವಾದಕ್ಕೆ ಬರುವವರಿದ್ದಾರೆ, ಸ್ಕ್ರೀನ್‌ಶಾಟ್ ತೆಗೆದು ಎಲ್ಲರಿಗೂ ಹಂಚುವವರೂ ಇದ್ದಾರೆ. ಅದಕ್ಕೇ ಎಷ್ಟೋ ಕಂಪನಿಗಳಲ್ಲಿ ಕಾರಣ ಬರೆಯಲೇಬೇಡಿ ಅಂತ ಎಚ್‌ಆರ್‌ನವರಿಗೆ ಹೇಳಿಟ್ಟಿರುತ್ತಾರೆ.

ಆದ ತೀರ್ಮಾನ ಬಿಟ್ಟುಬಿಡಿ, ಮುಂದಿನ ತಯಾರಿ ಬಗ್ಗೆ ಕೇಳಿ. ಆಗ ಅವರಿಗೂ ಉತ್ತರ ಕೊಡುವುದು ಸುಲಭ. ಮೇಲ್ ಹೆಚ್ಚುಕಮ್ಮಿ ಹೀಗಿದ್ದರೆ ಸಾಕು, ಅವರು ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಇದನ್ನೇ ಇಂಗ್ಲಿಷ್‌ನಲ್ಲಿ ಬರೆಯಿರಿ:

‘ನಮಸ್ಕಾರ. ಫಲಿತಾಂಶ ತಿಳಿಸಿದ್ದಕ್ಕೆ ಧನ್ಯವಾದ. ಎರಡನೇ ರೌಂಡ್‌ನಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ನಾನು ತಡವರಿಸಿದೆ ಅನ್ನಿಸಿತು. ಮುಂದೆ ಇಂಥದ್ದೇ ಕೆಲಸಕ್ಕೆ ಅರ್ಜಿ ಹಾಕುವ ಮೊದಲು ನಾನು ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕಾದರೆ ಯಾವುದನ್ನು ಮಾಡಿಕೊಳ್ಳಲಿ? ಒಂದೇ ಸಾಲು ಬರೆದರೂ ಉಪಕಾರವಾಗುತ್ತದೆ. ಆಗದಿದ್ದರೆ ಪರವಾಗಿಲ್ಲ.’

ಮೂರನೇ ವಾಕ್ಯ ಗಮನಿಸಿದಿರಾ? ಎಲ್ಲಿ ಎಡವಿದೆ ಅಂತ ನೀವೇ ಹೇಳಿದ್ದೀರಿ. ಓದುವವರು ‘ಹೌದು, ಅದೇ’ ಅಂತಲೋ ‘ಅದಲ್ಲ, ಇದು’ ಅಂತಲೋ ಅಂದರೆ ಮುಗಿಯಿತು. ಖಾಲಿ ಹಾಳೆ ಕೊಟ್ಟು ತುಂಬಿಸಿ ಅಂದರೆ ಯಾರಿಗೆ ಪುರುಸೊತ್ತಿರುತ್ತದೆ?

ರಿಜೆಕ್ಟ್ ಮೇಲ್ ಬಂತಲ್ಲ, ಅದಕ್ಕೇ ರಿಪ್ಲೈ ಮಾಡಿ. ಹೊಸ ಮೇಲ್ ಬೇಡ, ಜತೆಗೆ ರೆಸ್ಯೂಮ್ ಇಡುವುದೂ ಬೇಡ. ಒಂದೆರಡು ದಿನದೊಳಗೆ ಕಳಿಸಿ, ಆಮೇಲೆ ಪ್ಯಾನೆಲ್‌ನವರಿಗೆ ನಿಮ್ಮ ಮುಖವೂ ನೆನಪಿರುವುದಿಲ್ಲ. ವಾರವಾದರೂ ಸುದ್ದಿ ಇಲ್ಲದಿದ್ದರೆ ಒಮ್ಮೆ ನೆನಪಿಸಿ ಸುಮ್ಮನಾಗಿ. ಉತ್ತರ ಬಂದರೆ ಧನ್ಯವಾದ ಬಿಟ್ಟು ಇನ್ನೇನೂ ಬರೆಯಬೇಡಿ. ‘ಆದರೆ ಆ ಪ್ರಶ್ನೆಗೆ ನಾನು ಸರಿಯಾಗೇ ಹೇಳಿದ್ದೆನಲ್ಲ’ ಅಂತ ಶುರು ಮಾಡಿದಿರೋ, ಆ ಬಾಗಿಲು ಮುಚ್ಚಿತು ಅಂದುಕೊಳ್ಳಿ.

ಉತ್ತರ ಬಂದ ಮೇಲೆಯೇ ಹೆಚ್ಚಿನವರು ಎಡವುವುದು. ನನಗೆ ಗೊತ್ತಿರುವ ಒಬ್ಬ ವಿದ್ಯಾರ್ಥಿನಿಗೆ ಬಂದಿದ್ದು ಇಷ್ಟೇ: ‘ಪ್ರಾಜೆಕ್ಟ್ ಬಗ್ಗೆ ಇನ್ನಷ್ಟು ಆಳವಾದ ತಿಳಿವಳಿಕೆ ಇದ್ದಿದ್ದರೆ ಚೆನ್ನಾಗಿತ್ತು.’ ಅದನ್ನು ಓದಿ ಆಕೆ ಇನ್ನೊಂದು ಆನ್‌ಲೈನ್ ಕೋರ್ಸ್‌ಗೆ ದುಡ್ಡು ಕಟ್ಟಲು ಹೊರಟಿದ್ದಳು. ನಾನು ತಡೆದು, ಇಂಟರ್‌ವ್ಯೂನಲ್ಲಿ ಪ್ರಾಜೆಕ್ಟ್ ಬಗ್ಗೆ ಏನೇನು ಕೇಳಿದರು ಅಂದೆ. ಪುಣ್ಯಕ್ಕೆ ಅವತ್ತು ಸಂಜೆಯೇ ಎಲ್ಲ ಪ್ರಶ್ನೆಗಳನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಳು.

ಆಕೆಯ ರೆಸ್ಯೂಮ್‌ನಲ್ಲಿದ್ದ ಸಾಲು: ‘ಸಾಲ ತೀರಿಸದವರನ್ನು ಮೊದಲೇ ಗುರುತಿಸುವ ಮಾಡೆಲ್, 92% ಅಕ್ಯುರೆಸಿ.’ ಪ್ಯಾನೆಲ್ ಕೇಳಿದ್ದು: ‘ನೀವು ಟೆಸ್ಟ್ ಮಾಡಿದ 1,000 ಜನರಲ್ಲಿ ಸಾಲ ತೀರಿಸದವರು ಎಷ್ಟು?’ ಆಕೆಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಎಣಿಸಿದರೆ 80. ಉಳಿದ 920 ಜನ ತೀರಿಸಿದವರೇ. ಅಂದರೆ ಏನೂ ಕಲಿಯದೆ, ಕಣ್ಣು ಮುಚ್ಚಿಕೊಂಡು ‘ಎಲ್ಲರೂ ತೀರಿಸುತ್ತಾರೆ’ ಅಂದುಬಿಟ್ಟರೂ 92% ಬರುತ್ತದೆ! ಆಕೆಯ ಮಾಡೆಲ್ ಆ 80ರಲ್ಲಿ ಹಿಡಿದಿದ್ದು 6 ಜನರನ್ನು, ಜತೆಗೆ ತೀರಿಸಿದವರಲ್ಲೂ 6 ಜನರ ಮೇಲೆ ಸುಮ್ನೆ ಅನುಮಾನಪಟ್ಟಿತ್ತು. ‘ಆಳ’ ಅಂದಿದ್ದು ಇದಕ್ಕೆ. ಹೊಸ ಕೋರ್ಸ್ ಮಾಡಿದ್ದರೆ ಇದು ಹಾಗೇ ಉಳಿದುಬಿಡುತ್ತಿತ್ತು ಅಲ್ವಾ?

ಮಾಡೆಲ್ ಲಾಜಿಸ್ಟಿಕ್ ರಿಗ್ರೆಶನ್. ಅದಕ್ಕೆ `class_weight="balanced"` ಕೊಟ್ಟು ಮತ್ತೆ ಓಡಿಸಿದಳು. ಸಂಖ್ಯೆ ಕಡಿಮೆ ಇರುವ ಗುಂಪಿನಲ್ಲಿ ತಪ್ಪಿದರೆ ಜಾಸ್ತಿ ದಂಡ ಬೀಳುವ ಹಾಗೆ ಮಾಡುವ ಸೆಟ್ಟಿಂಗ್ ಅದು. ಈ ಸಲ 80ರಲ್ಲಿ 52 ಜನ ಸಿಕ್ಕರು. ತೀರಿಸಿದ 118 ಜನರ ಮೇಲೂ ಅನುಮಾನ ಬಂತು, ಅಕ್ಯುರೆಸಿ 85.4%ಗೆ ಇಳಿಯಿತು. ಅಂಕಿ ಇಳಿಯಿತಲ್ಲ ಅಂತ ಹೆದರಿದಳು. ಇಳಿಯಲಿ, ಅದನ್ನೇ ಬರೆ ಅಂದೆ.

ಹೊಸ ಸಾಲು ಹೀಗಾಯಿತು: ‘1,000 ದಾಖಲೆಗಳಲ್ಲಿ ಸಾಲ ತೀರಿಸದ 80 ಜನರ ಪೈಕಿ 52 ಜನರನ್ನು ಗುರುತಿಸಿದ ಮಾಡೆಲ್, 118 ಜನರ ಮೇಲೆ ತಪ್ಪು ಅನುಮಾನ. ನಾಲ್ವರ ತಂಡದಲ್ಲಿ ನನ್ನ ಪಾಲು ಡೇಟಾ ಕ್ಲೀನಿಂಗ್ ಮತ್ತು ಟೆಸ್ಟಿಂಗ್.’ ಮುಂದಿನ ಇಂಟರ್‌ವ್ಯೂನಲ್ಲಿ ಪ್ರಾಜೆಕ್ಟ್ ಮಾತೆಲ್ಲ ಆ 118ರ ಸುತ್ತಲೇ ನಡೆಯಿತಂತೆ. ಒಳ್ಳೆಯ ಗಿರಾಕಿಗೆ ಸಾಲ ಇಲ್ಲ ಅಂದರೆ ಬ್ಯಾಂಕಿಗೆ ಎಷ್ಟು ನಷ್ಟ, ತೀರಿಸದವನಿಗೆ ಕೊಟ್ಟರೆ ಎಷ್ಟು ನಷ್ಟ ಅಂತ. ಅದಕ್ಕೆ ಆಕೆ ತಯಾರಾಗಿ ಹೋಗಿದ್ದಳು.

ನಿಮ್ಮ ನೋಟ್‌ಬುಕ್‌ನಲ್ಲಿ ಏನೂ ಬರೆದಿಲ್ಲ ಅಂತಾದರೆ ಇವತ್ತೇ ಕೂತು ನೆನಪಿದ್ದಷ್ಟು ಬರೆಯಿರಿ. ಪ್ರಶ್ನೆಗಳ ಪಟ್ಟಿ ಕೈಯಲ್ಲಿಲ್ಲದಿದ್ದರೆ ಕಂಪನಿಯ ಒಂದು ಸಾಲಿನ ಉತ್ತರದಿಂದ ಏನೂ ಹೊರಡುವುದಿಲ್ಲ. ಇನ್ನೊಂದು ಮಾತು: ಒಬ್ಬ ಪ್ಯಾನೆಲ್‌ನವನು ಹೇಳಿದ ಅಂತ ರೆಸ್ಯೂಮ್ ಪೂರ್ತಿ ಬದಲಿಸಬೇಡಿ. ಲೆಕ್ಕ ಹಾಕಿ ಪರೀಕ್ಷಿಸಬಹುದಾದ ತಪ್ಪನ್ನು ಕೂಡಲೇ ತಿದ್ದಿ. ‘ಆತ್ಮವಿಶ್ವಾಸ ಸಾಲದು’ ಅನ್ನುವಂಥದ್ದು ಒಬ್ಬರ ಅಭಿಪ್ರಾಯ. ಅದೇ ಮಾತು ಇನ್ನೊಂದು ಕಡೆಯಿಂದಲೂ ಬರುವವರೆಗೆ ಪಕ್ಕಕ್ಕಿಡಿ.

ಪ್ರಶ್ನೆ: ಇಂಟರ್‌ವ್ಯೂಗೆ ಕರೆಯಲೇ ಇಲ್ಲ, ನೇರ ರಿಜೆಕ್ಟ್ ಮೇಲ್. ನಾನೂ ಕಾರಣ ಕೇಳಲಾ?

ಉತ್ತರ: ಬೇಡ. ಬಹುಪಾಲು ಅದು ತಾನಾಗಿ ಹೋಗುವ ಮೇಲ್, ರಿಪ್ಲೈ ಮಾಡಿದರೆ ಓದುವವರಿಲ್ಲ. ರೆಸ್ಯೂಮ್ ಮತ್ತು ಜಾಬ್ ಡಿಸ್ಕ್ರಿಪ್ಷನ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಬ್ಬ ಸೀನಿಯರ್‌ಗೆ ತೋರಿಸಿ.

ಪ್ರಶ್ನೆ: ಎಟಿಎಸ್ ಸ್ಕೋರ್ 95ಕ್ಕೆ ಏರಿಸಿಕೊಡ್ತೀವಿ, ಶಾರ್ಟ್‌ಲಿಸ್ಟ್ ಗ್ಯಾರಂಟಿ ಅಂತ ಒಬ್ಬರು 4,000 ರೂಪಾಯಿ ಕೇಳ್ತಿದ್ದಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಎಟಿಎಸ್ ಅಂದರೆ ಕಂಪನಿಗಳು ಬಂದ ರೆಸ್ಯೂಮ್‌ಗಳನ್ನು ಜೋಡಿಸಿ ಸೋಸಲು ಬಳಸುವ ಸಾಫ್ಟ್‌ವೇರ್. ಆದರೆ ಆ ಸ್ಕೋರ್ ದುಡ್ಡು ಕೇಳುವವರ ಸ್ವಂತ ಸಾಫ್ಟ್‌ವೇರ್ ಹಾಕಿದ್ದು, ನೀವು ಅರ್ಜಿ ಹಾಕುವ ಕಂಪನಿ ಅದನ್ನು ನೋಡುವುದೂ ಇಲ್ಲ. ಯಾರನ್ನು ಕರೆಯಬೇಕು ಅನ್ನುವುದು ಕಂಪನಿಯ ಕೈಯಲ್ಲಿರುವಾಗ ಇವರು ಗ್ಯಾರಂಟಿ ಕೊಡಲು ಯಾರು? ‘ಇಂಟರ್ನ್‌ಶಿಪ್ಪೇ ಕೊಡಿಸ್ತೀವಿ, ರಿಜಿಸ್ಟ್ರೇಷನ್ ಫೀ ಕಟ್ಟಿ’ ಅನ್ನುವವರು ಇವರಿಗಿಂತಲೂ ಒಂದು ಕೈ ಮೇಲು. ಇಬ್ಬರ ನಂಬರನ್ನೂ ಬ್ಲಾಕ್ ಮಾಡಿ.

ಪ್ರಶ್ನೆ: ಇಂಟರ್‌ವ್ಯೂ ಮಾಡಿದವರ ಮೊಬೈಲ್ ನಂಬರ್ ಸಿಕ್ಕಿದೆ. ವಾಟ್ಸ್ಆ್ಯಪ್‌ನಲ್ಲಿ ಕೇಳಿದರೆ ಬೇಗ ಉತ್ತರ ಬರುತ್ತಲ್ವಾ?

ಉತ್ತರ: ಅವರಾಗಿ ಕೊಟ್ಟ ನಂಬರಲ್ಲದಿದ್ದರೆ ಈಗಲೇ ಡಿಲೀಟ್ ಮಾಡಿ.

ಪ್ರಶ್ನೆ: ಅದೇ ಕಂಪನಿಗೆ ಮತ್ತೆ ಅರ್ಜಿ ಹಾಕಬಹುದಾ?

ಉತ್ತರ: ಹಾಕಬಹುದು. ಕೆಲವು ಕಡೆ ಇಷ್ಟು ತಿಂಗಳು ಕಾಯಬೇಕು ಅಂತ ನಿಯಮ ಇರುತ್ತದೆ, ಎಚ್‌ಆರ್‌ಗೆ ಬರೆಯುವ ಅದೇ ಮೇಲ್‌ನಲ್ಲಿ ಅದನ್ನೂ ಕೇಳಿಬಿಡಿ. ಆದರೆ ಹಳೇ ರೆಸ್ಯೂಮ್‌ಗೆ ತಾರೀಖು ಬದಲಿಸಿ ಕಳಿಸಬೇಡಿ. ಹಿಂದಿನ ಅರ್ಜಿ, ಪ್ಯಾನೆಲ್ ಬರೆದ ಟಿಪ್ಪಣಿ ಎರಡೂ ಅವರ ಸಿಸ್ಟಂನಲ್ಲಿ ಇರಬಹುದು. ನಾನಂತೂ ಎರಡನೇ ಸಲ ಬಂದವರಿಗೆ ಮೊದಲು ಕೇಳುವುದು, ಹೋದ ಸಲಕ್ಕಿಂತ ಏನು ಬದಲಾಯಿತು ಅಂತಲೇ.