ಸ್ಯಾಟಿನ್ ದಿಂಬಿನ ಕವರ್, ಮಲಗುವಾಗ ತಲೆಗೆ ಹಾಕುವ ಬಾನೆಟ್ ಟೋಪಿಯಿಂದ ಉಪಯೋಗ ಇದೆಯಾ?

"ಮಡಿಕೇರಿಯಲ್ಲಿದ್ದೇನೆ, ಗುಂಗುರು ಕೂದಲು. ಇವು ಹಾಕಿದ್ರೆ ಕೂದಲು ತುಂಡಾಗೋದು, ಕೆದರೋದು ನಿಜವಾಗ್ಲೂ ಕಡಿಮೆ ಆಗುತ್ತಾ?"

ತುಂಡಾಗುವುದು ಸ್ವಲ್ಪ ಕಡಿಮೆ ಆಗುತ್ತದೆ. ಹತ್ತಿ ಬಟ್ಟೆ ಮೇಲೆ ಹೊರಳಿದಾಗ ಕೂದಲು ಉಜ್ಜುತ್ತದೆ, ಸ್ಯಾಟಿನ್ ಮೇಲೆ ಜಾರುತ್ತದೆ. ಅದರ ಕೆಲಸ ಅಷ್ಟೇ. ನಮ್ಮ ಮಳೆಗಾಲದ ತೇವಕ್ಕೆ ಹಗಲಲ್ಲಿ ಕೆದರುವುದು ನಿಲ್ಲದು.

ದಿಂಬಿನ ಮೇಲೆ ಬಿದ್ದ ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಪುಟ್ಟ ಬಿಳಿ ಗಂಟಿದ್ದರೆ ಅದು ಬುಡದಿಂದ ಉದುರಿದ್ದು, ಸ್ಯಾಟಿನ್‌ನಿಂದ ಪ್ರಯೋಜನವಿಲ್ಲ. ಗಂಟಿಲ್ಲದ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ಹಾಕಿ ನೋಡಬಹುದು.

ಜುಲೈನಲ್ಲಿ ನಾನು ಸಂಜೆ ತಲೆಸ್ನಾನ ಮಾಡಿ, ಹಸಿ ಕೂದಲಿಗೇ ಬಾನೆಟ್ ಹಾಕುತ್ತಿದ್ದೆ. ಬೆಳಗ್ಗೆಯೂ ಒದ್ದೆ, ಮುಗ್ಗಲು ವಾಸನೆ ಬೇರೆ! ಒದ್ದೆ ಕೂದಲು ಎಳೆದರೆ ಬೇಗ ತುಂಡಾಗುತ್ತದೆ. ಈಗ ಬೆಳಗ್ಗೆ ತೊಳೆದು, ಪೂರ್ತಿ ಒಣಗಿಸಿ, ರಾತ್ರಿ ಸಡಿಲ ಜಡೆ ಹಾಕುತ್ತೇನೆ. ಬಾನೆಟ್‌ನ ಎಲಾಸ್ಟಿಕ್ ಹಣೆಯಲ್ಲಿ ಗುರುತು ಬಿಟ್ಟರೆ ಅದು ಬಿಗಿ ಅಂತಲೇ ಅರ್ಥ.