ಜರ್ಮನಿಯ ಪಿಆರ್‌ಗೆ ನಿರಂತರ ವಾಸದ ದಾಖಲೆ: ನಡುವೆ ಸಂಬಳವಿಲ್ಲದ ರಜೆ ಹಾಕಿದ್ದರೆ?

ಪ್ರಶ್ನೆ: ಸೆಪ್ಟೆಂಬರ್ 1, 2023ರಿಂದ ಬ್ಲೂ ಕಾರ್ಡ್ ಮೇಲೆ ಜರ್ಮನಿಯಲ್ಲಿ ಕೆಲಸದಲ್ಲಿದ್ದೇನೆ, ಜರ್ಮನ್ ಭಾಷೆಯ ಬಿ1 ಪಾಸಾಗಿದೆ. ಅಮ್ಮನಿಗೆ ಹುಷಾರಿಲ್ಲದೆ 2024ರ ಮಾರ್ಚ್ 11ರಿಂದ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಊರಿಗೆ ಹೋಗಿದ್ದೆ, ಮೇ 13ಕ್ಕೆ ವಾಪಸ್ ಕೆಲಸಕ್ಕೆ ಬಂದೆ. ಆಮೇಲೆ ಸ್ಟುಟ್‌ಗಾರ್ಟ್ ಬಿಟ್ಟು ಮ್ಯೂನಿಕ್‌ಗೆ ಮನೆ ಬದಲಾಯಿಸಿದೆ, ಕಂಪನಿ ಅದೇ. ಈ ಮೇ 2025ರ ಕೊನೆಗೆ 21 ತಿಂಗಳಾಗುತ್ತೆ. ಲೀಸ್, ಟ್ಯಾಕ್ಸ್ ಪೇಪರ್ ಎಲ್ಲ ಇಟ್ಟುಕೊಂಡಿದ್ದೇನೆ. ನಿರಂತರವಾಗಿ ಇದ್ದೇನೆ ಅಂತ ತೋರಿಸೋಕೆ ಇಷ್ಟು ಸಾಕಾ?

ಉತ್ತರ: ಸಾಲದು. ಆದರೆ ಗಾಬರಿಯಾಗುವಂಥದ್ದೂ ಏನಿಲ್ಲ. ನಿಮ್ಮ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕಾದದ್ದು ಲೀಸೂ ಅಲ್ಲ, ಟ್ಯಾಕ್ಸ್ ಪೇಪರೂ ಅಲ್ಲ, ಪಿಂಚಣಿ ವಿಮೆಯ ಪಟ್ಟಿ. ಬ್ಲೂ ಕಾರ್ಡಿನವರಿಗೆ ಕಾನೂನು ಕೇಳುವುದು ಬಿ1 ಇದ್ದರೆ 21 ತಿಂಗಳು, ಎ1 ಮಾತ್ರ ಇದ್ದರೆ 27 ತಿಂಗಳು ತಕ್ಕ ಕೆಲಸ, ಮತ್ತು ಅಷ್ಟೂ ಅವಧಿಗೆ ಪಿಂಚಣಿ ವಂತಿಗೆ. ಹಾಗಾಗಿ ಅರ್ಜಿ ನೋಡುವ ಅಧಿಕಾರಿಯ ಕಣ್ಣು ಮೊದಲು ಹೋಗುವುದು ಆ ಪಟ್ಟಿಯ ಮೇಲೆ. ಮಿಕ್ಕ ಕಾಗದಗಳೆಲ್ಲ ಅದಕ್ಕೆ ಸಾಕ್ಷಿ ಹೇಳಲು ಇರುವಂಥವು.

ಆ ಪಟ್ಟಿಯನ್ನು ಡಾಯ್ಚ ರೆಂಟನ್‌ಫರ್ಜಿಶರುಂಗ್, ಅಂದರೆ ಪಿಂಚಣಿ ವಿಮಾ ಸಂಸ್ಥೆ, ಪುಕ್ಕಟೆಯಾಗಿ ಕೊಡುತ್ತದೆ. ಅವರ ವೆಬ್‌ಸೈಟಿನಲ್ಲಿ `Versicherungsverlauf` ಎಂದು ಹುಡುಕಿ, ನಿಮ್ಮ ವಿಮಾ ಸಂಖ್ಯೆ ಕೊಟ್ಟು ಕೇಳಿದರೆ ಅಂಚೆಯಲ್ಲಿ ಮನೆಗೇ ಬರುತ್ತದೆ. ಪ್ರತಿ ಸಾಲಿನಲ್ಲೂ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಇಷ್ಟು ಸಂಬಳ, ಇಷ್ಟು ತಿಂಗಳು ಎಂದು ಬರೆದಿರುತ್ತದೆ. ಇಂದೇ ತರಿಸಿಕೊಳ್ಳಿ, ಅರ್ಜಿ ಹಾಕುವ ವಾರದವರೆಗೆ ಕಾಯಬೇಡಿ. ಏಕೆ ಎಂದು ಮುಂದೆ ಹೇಳುತ್ತೇನೆ.

ಈಗ ನಿಮ್ಮ ರಜೆಯ ವಿಷಯಕ್ಕೆ ಬರೋಣ. ಸಂಬಳವಿಲ್ಲದ ರಜೆ ಹಾಕಿದರೂ ಮೊದಲ ಒಂದು ತಿಂಗಳು ನೀವು ಕೆಲಸದಲ್ಲೇ ಇದ್ದೀರಿ ಎಂದು ಸಾಮಾಜಿಕ ವಿಮೆ ಲೆಕ್ಕ ಹಿಡಿಯುತ್ತದೆ. ಒಂದು ತಿಂಗಳು ದಾಟಿದ ಮೇಲೆ ಕಂಪನಿ ನಿಮ್ಮ ಹೆಸರನ್ನು ವಿಮೆಯಿಂದ ತೆಗೆಯಲೇಬೇಕು, ಮರಳಿ ಬಂದಾಗ ಮತ್ತೆ ಸೇರಿಸಬೇಕು. ನಿಮ್ಮದು ಮಾರ್ಚ್ 11ಕ್ಕೆ ಶುರುವಾಯಿತು, ಹಾಗಾಗಿ ವಿಮೆ ಏಪ್ರಿಲ್ 10ರವರೆಗೆ ಓಡಿ ನಿಂತಿದೆ, ಮೇ 13ಕ್ಕೆ ಮತ್ತೆ ಶುರುವಾಗಿದೆ. ನಿಮ್ಮ ಪಟ್ಟಿಯಲ್ಲಿ ಸಾಲುಗಳು ಹೆಚ್ಚುಕಡಿಮೆ ಹೀಗೆ ಕಾಣಬೇಕು:

```
01.09.23 – 31.12.23    4 Mon.
01.01.24 – 10.04.24    4 Mon.
13.05.24 – 31.12.24    8 Mon.
```

ನಡುವೆ ಒಂದು ತಿಂಗಳ ಖಾಲಿ ಜಾಗ ಇದ್ದರೂ 2024ಕ್ಕೆ ನಾಲ್ಕು ಮತ್ತು ಎಂಟು ಸೇರಿ ಹನ್ನೆರಡೇ ತಿಂಗಳು ಬಂತು, ನೋಡಿ. ಪಿಂಚಣಿ ಲೆಕ್ಕದಲ್ಲಿ ತಿಂಗಳಿನ ಒಂದು ಭಾಗ ವಿಮೆಯಲ್ಲಿದ್ದರೂ ಅದು ಪೂರ್ತಿ ತಿಂಗಳೇ. ಏಪ್ರಿಲ್‌ನಲ್ಲಿ ಮೊದಲ ಹತ್ತು ದಿನ ಇತ್ತು, ಮೇನಲ್ಲಿ ಕೊನೆಯ ಮೂರು ವಾರ ಇತ್ತು, ಎರಡೂ ಉಳಿದವು. ನೀವು ಜೂನ್ 3ಕ್ಕೆ ಬಂದಿದ್ದರೆ ಮೇ ಇಡೀ ಬಿದ್ದುಹೋಗಿ, ಒಂದು ತಿಂಗಳು ಮುಂದಕ್ಕೆ ಹೋಗಬೇಕಾಗುತ್ತಿತ್ತು. ಊರಿಗೆ ಉದ್ದ ರಜೆ ಹಾಕುವ ಗೆಳೆಯರಿಗೆ ನಾನು ಹೇಳುವುದು ಇದನ್ನೇ: ಎಷ್ಟು ದಿನ ಎನ್ನುವುದರ ಜೊತೆಗೆ ಕ್ಯಾಲೆಂಡರಿನಲ್ಲಿ ಎಲ್ಲಿಂದ ಎಲ್ಲಿಗೆ ಎಂದೂ ನೋಡಿಕೊಳ್ಳಿ.

ಆದರೆ ಇದು ಪಿಂಚಣಿ ಸಂಸ್ಥೆಯ ಲೆಕ್ಕ. ವಿದೇಶಿಯರ ಕಚೇರಿಯ ಅಧಿಕಾರಿ ಆ ಖಾಲಿ ಜಾಗ ಕಂಡು, ಕೆಲಸ ಬಿಟ್ಟಿದ್ದಿರಾ, ದೇಶ ಬಿಟ್ಟಿದ್ದಿರಾ ಎಂದು ಕೇಳುವುದು ಸಹಜ. ಕೇಳುವ ಮೊದಲೇ ಉತ್ತರ ಇಟ್ಟುಬಿಡಿ. ಕಂಪನಿಯ ಎಚ್‌ಆರ್‌ನಿಂದ ಒಂದು ಪುಟದ ಪತ್ರ ಬೇಕು: ಕೆಲಸದ ಕರಾರು ಸೆಪ್ಟೆಂಬರ್ 1, 2023ರಿಂದ ಮುರಿಯದೆ ಜಾರಿಯಲ್ಲಿದೆ, ಇಂಥ ದಿನದಿಂದ ಇಂಥ ದಿನದವರೆಗೆ ಒಪ್ಪಿಗೆಯ ಮೇಲೆ ಸಂಬಳವಿಲ್ಲದ ರಜೆ ಕೊಟ್ಟಿದ್ದೆವು, ಈಗ ನೋಟಿಸ್ ಏನೂ ಕೊಟ್ಟಿಲ್ಲ, ಎಂದು. ಕೊನೆಯ ವಾಕ್ಯ ಹೇಗಿದ್ದರೂ ಪಿಆರ್ ಅರ್ಜಿಗೆ ಬೇಕಾಗುವುದರಿಂದ ಒಂದೇ ಪತ್ರದಲ್ಲಿ ಎರಡೂ ಕೆಲಸ ಆಗುತ್ತದೆ.

ಇಲ್ಲಿ ಟ್ಯಾಕ್ಸ್ ಪೇಪರ್ ತಂದಿಡುವ ಒಂದು ತಲೆನೋವು ಗೊತ್ತಿರಲಿ. ವರ್ಷದ ಕೊನೆಗೆ ಕಂಪನಿ ಕೊಡುವ ಲೋನ್‌ಸ್ಟಾಯರ್‌ಬಶೈನಿಗುಂಗ್, ನಮ್ಮ ಫಾರ್ಮ್ 16ರ ಹಾಗಿನದು, 2024ಕ್ಕೆ ಜನವರಿ 1ರಿಂದ ಡಿಸೆಂಬರ್ 31 ಎಂದೇ ತೋರಿಸುತ್ತಿರಬಹುದು. ಕರಾರು ಮುರಿದಿಲ್ಲವಲ್ಲ, ಅದಕ್ಕೆ. ಪಿಂಚಣಿ ಪಟ್ಟಿಯಲ್ಲಿ ಬಿಟ್ಟುಹೋದ ಜಾಗ, ಟ್ಯಾಕ್ಸ್ ಪೇಪರಿನಲ್ಲಿ ಪೂರ್ತಿ ವರ್ಷ. ಒಂದಕ್ಕೊಂದು ಹೊಂದುವುದಿಲ್ಲ ಎಂದು ಹೆದರಬೇಡಿ. ಅದೇ ಹಾಳೆಯಲ್ಲಿ, ಅವಧಿಯ ಕೆಳಗಿನ ಸಾಲಿನಲ್ಲಿ `Anzahl "U"` ಎಂಬ ಚಿಕ್ಕ ಚೌಕ ಹುಡುಕಿ. ಸತತ ಐದು ಕೆಲಸದ ದಿನಕ್ಕಿಂತ ಕಡಿಮೆಯಿಲ್ಲದೆ ಸಂಬಳ ನಿಂತಿದ್ದರೆ ಅಲ್ಲಿ ಒಂದು U ಎಣಿಕೆಯಾಗುತ್ತದೆ. ನಿಮ್ಮದರಲ್ಲಿ 1 ಇರಬೇಕು. ಆ 1, ಪಿಂಚಣಿ ಪಟ್ಟಿಯ ಖಾಲಿ ಜಾಗ, ಎಚ್‌ಆರ್ ಪತ್ರದ ದಿನಾಂಕಗಳು, ಮೂರೂ ಹೇಳುತ್ತಿರುವುದು ಒಂದೇ ರಜೆಯನ್ನು. ಪೆನ್ಸಿಲ್‌ನಲ್ಲಿ ಗುರುತು ಹಾಕಿ ಅಕ್ಕಪಕ್ಕ ಇಡಿ. ಆದಾಯ ತೆರಿಗೆ ಕಚೇರಿಯ ವಾರ್ಷಿಕ ಆದೇಶ, ಅಂದರೆ ಸ್ಟಾಯರ್‌ಬಶೈಡ್, ಇದ್ದರೆ ಸೇರಿಸಿ. ಆದರೆ ಅದು ವರ್ಷದ ಒಟ್ಟು ಆದಾಯ ಹೇಳುತ್ತದೆಯೇ ಹೊರತು ಯಾವ ತಿಂಗಳು ಎಲ್ಲಿದ್ದಿರಿ ಎಂದಲ್ಲ. ನಿರಂತರ ವಾಸಕ್ಕೆ ಅದರ ಬಲ ಕಡಿಮೆ.

ಇನ್ನೊಂದು ಕಡೆ ಬಹಳ ಜನ ಸಿಕ್ಕಿಬೀಳುತ್ತಾರೆ. ಪಿಂಚಣಿ ಪಟ್ಟಿಯಲ್ಲಿ ಈ ವರ್ಷದ ತಿಂಗಳುಗಳು ಕಾಣುವುದಿಲ್ಲ. ಕಂಪನಿ ಇಡೀ ವರ್ಷದ ವರದಿಯನ್ನು ಮುಂದಿನ ಫೆಬ್ರವರಿ 15ರೊಳಗೆ ಒಮ್ಮೆಗೇ ಕಳಿಸುತ್ತದೆ. ಹಾಗಾಗಿ ಮೇ ಕೊನೆಗೆ ತೆಗೆದರೂ ನಿಮ್ಮ ಪಟ್ಟಿ 31.12.24ಕ್ಕೆ ನಿಲ್ಲುತ್ತದೆ, ಒಟ್ಟು 16 ತಿಂಗಳು ಎಂದು ತೋರಿಸುತ್ತದೆ. ಉಳಿದ ಐದನ್ನು ಜನವರಿಯಿಂದ ಮೇವರೆಗಿನ ಸಂಬಳದ ಚೀಟಿಗಳಿಂದ ತುಂಬಬೇಕು. ಪ್ರತಿ ಚೀಟಿಯಲ್ಲೂ ಪಿಂಚಣಿ ವಂತಿಗೆ ಕಡಿತವಾದ ಸಾಲು ಇರುತ್ತದೆ, ಅದೇ ಸಾಕ್ಷಿ. ಎಷ್ಟೋ ಕಚೇರಿಗಳು ಮೂರು ತಿಂಗಳ ಚೀಟಿ ಸಾಕು ಎಂದು ಪಟ್ಟಿ ಕೊಟ್ಟಿರುತ್ತವೆ. ಅದು ನಿಮ್ಮ ಸಂಪಾದನೆ ನೋಡಲು. ತಿಂಗಳು ಎಣಿಸಲು ಐದೂ ಇಡಿ.

ಪಟ್ಟಿಯನ್ನು ಇಂದೇ ತರಿಸಿ ಎಂದದ್ದು ನಮ್ಮ ಕಡೆಯ ಹೆಸರುಗಳ ಕಾರಣಕ್ಕೆ. ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ, ಹೀಗೆ ನಾವು ಬರುತ್ತೇವೆ. ಜರ್ಮನಿಯ ವಿಮಾ ಸಂಖ್ಯೆಯಲ್ಲಿ ಹುಟ್ಟಿದ ದಿನಾಂಕದ ಜೊತೆ ಸರ್‌ನೇಮಿನ ಮೊದಲ ಅಕ್ಷರವೂ ಇರುತ್ತದೆ. ಕಂಪನಿ ಒಮ್ಮೆ ಒಂದು ಥರ, ರಜೆ ಮುಗಿಸಿ ಬಂದಾಗ ಇನ್ನೊಂದು ಥರ ಹೆಸರು ದಾಖಲಿಸಿದರೆ ಒಬ್ಬರಿಗೇ ಎರಡು ಸಂಖ್ಯೆ ಹುಟ್ಟಿಕೊಳ್ಳಬಹುದು. ಆಗ ವಂತಿಗೆ ಎರಡು ಖಾತೆಗಳಲ್ಲಿ ಹಂಚಿಹೋಗಿರುತ್ತದೆ. ನಿಮ್ಮ ಪಟ್ಟಿಯಲ್ಲಿ 13.05.24ರ ಸಾಲೇ ಇಲ್ಲದಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ. ಮಾರ್ಚ್‌ಗೆ ಮುಂಚಿನ ಮತ್ತು ಮೇ ನಂತರದ ಸಂಬಳದ ಚೀಟಿಗಳಲ್ಲಿ ಸಂಖ್ಯೆ ಒಂದೇ ಇದೆಯಾ ನೋಡಿ. ಬೇರೆ ಇದ್ದರೆ ಖಾತೆ ಸರಿಪಡಿಸುವ ಅರ್ಜಿ, `Kontenklärung`, ಹಾಕಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ವಿಳಾಸದ ಕಾಗದಕ್ಕೆ ಬಂದರೆ, ಲೀಸ್ ನಿಮಗೆ ಬೇಕು, ಆದರೆ ನೀವಂದುಕೊಂಡ ಕಾರಣಕ್ಕಲ್ಲ. ಮನೆ ಎಷ್ಟು ಚದರ ಮೀಟರ್, ಬಾಡಿಗೆ ಎಷ್ಟು ಎಂದು ನೋಡಲು ಅದನ್ನು ಕೇಳುತ್ತಾರೆ. ತಲೆಗೆ 12 ಚದರ ಮೀಟರ್ ಲೆಕ್ಕ. ಲೀಸ್‌ಗೆ ಸಹಿ ಹಾಕಿ ಊರಲ್ಲೇ ಕೂತಿರಬಹುದಲ್ಲ, ಹಾಗಾಗಿ ಅದು ವಾಸಕ್ಕೆ ಸಾಕ್ಷಿಯಾಗುವುದು ಕಷ್ಟ. ವಾಸ ಹೇಳುವುದು ನಗರದ ನೋಂದಣಿ. ಮ್ಯೂನಿಕ್ ಕಚೇರಿಯಲ್ಲಿ `erweiterte Meldebescheinigung` ಕೇಳಿ. ವಿಸ್ತೃತವಾದದ್ದೇ ಬೇಕು, ಸಾಮಾನ್ಯವಾದದ್ದರಲ್ಲಿ ಹಿಂದಿನ ವಿಳಾಸ ಬರುವುದಿಲ್ಲ. ಸ್ಟುಟ್‌ಗಾರ್ಟ್‌ನಲ್ಲೇ ಎರಡು ಮನೆ ಬದಲಿಸಿದ್ದರೆ ಮ್ಯೂನಿಕ್‌ನವರ ಬಳಿ ಮೊದಲನೆಯದು ಇಲ್ಲದಿರಬಹುದು, ಅದನ್ನು ಸ್ಟುಟ್‌ಗಾರ್ಟ್‌ನಿಂದಲೇ ಬರೆದು ತರಿಸಿಕೊಳ್ಳಿ. ಕಂಪನಿ ವರ್ಷಕ್ಕೊಮ್ಮೆ ಕೊಡುವ ಸಾಮಾಜಿಕ ವಿಮೆಯ ಕಾಗದಕ್ಕೂ ಹೆಚ್ಚುಕಡಿಮೆ ಇದೇ ಹೆಸರು. ಅದನ್ನು ಕೊಟ್ಟು ವಾಪಸ್ ಬಂದವರಿದ್ದಾರೆ.

ರಜೆಯಲ್ಲಿ ಹೋದಾಗ ಸ್ಟುಟ್‌ಗಾರ್ಟ್ ಮನೆಯ ನೋಂದಣಿ ತೆಗೆಸಿರಲಿಲ್ಲ ತಾನೆ? ತೆಗೆಸದೆ, ಬಾಡಿಗೆ ಕಟ್ಟುತ್ತಲೇ ಇದ್ದರೆ ಏಪ್ರಿಲ್, ಮೇ ತಿಂಗಳ ಬಾಡಿಗೆ ಹೋದ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಮನೆ ಬಿಟ್ಟುಕೊಟ್ಟು ಹೋಗಲಿಲ್ಲ, ಮರಳಿ ಬರಲೆಂದೇ ಹೋದದ್ದು ಎಂದು ಅದಕ್ಕಿಂತ ಚೆನ್ನಾಗಿ ಹೇಳುವ ಕಾಗದ ಇನ್ನೊಂದಿಲ್ಲ. ದೇಶದ ಹೊರಗಿದ್ದ ಕಾಲದ ಮಿತಿಯಲ್ಲಿ ನಿಮಗೆ ತೊಂದರೆಯಿಲ್ಲ. ಸಾಮಾನ್ಯ ಪರ್ಮಿಟ್ ಆರು ತಿಂಗಳು ಹೊರಗಿದ್ದರೆ ರದ್ದಾಗುತ್ತದೆ, ಬ್ಲೂ ಕಾರ್ಡಿಗೆ ಹನ್ನೆರಡು ತಿಂಗಳವರೆಗೆ ವಿನಾಯಿತಿ ಇದೆ. ಎರಡು ತಿಂಗಳು ಅದರ ಹತ್ತಿರವೂ ಬರುವುದಿಲ್ಲ.

ಹೋದ, ಬಂದ ದಿನಾಂಕ ತೋರಿಸಲು ಮಾತ್ರ ಜರ್ಮನಿಯ ಮುದ್ರೆ ಹುಡುಕಬೇಡಿ. ಇಲ್ಲಿನ ವಾಸದ ಕಾರ್ಡ್ ಇರುವವರ ಪಾಸ್‌ಪೋರ್ಟಿಗೆ ಷೆಂಗೆನ್ ಗಡಿಯಲ್ಲಿ ಮುದ್ರೆ ಹಾಕಬೇಕಿಲ್ಲ, ಹಾಗಾಗಿ ಪುಟ ಖಾಲಿಯಿರುವುದೇ ಹೆಚ್ಚು. ನಿಮಗೆ ದಿಕ್ಕು ಬೆಂಗಳೂರು ಏರ್‌ಪೋರ್ಟಿನ ಇಮಿಗ್ರೇಷನ್ ಮುದ್ರೆ. ಅದು ಮಸುಕಾಗಿದ್ದರೆ ಟಿಕೆಟ್ ಇಮೇಲ್, ಬೋರ್ಡಿಂಗ್ ಪಾಸ್ ಹುಡುಕಿಡಿ. ನಡುವೆ ಪಾಸ್‌ಪೋರ್ಟ್ ನವೀಕರಿಸಿದ್ದರೆ ಹಳೆಯದನ್ನೂ ಒಯ್ಯಿರಿ.

ಒಂದು ಹಾಳೆಯಲ್ಲಿ ಜರ್ಮನ್‌ನಲ್ಲೇ ಕಾಲಾನುಕ್ರಮ ಬರೆದು ಫೈಲಿನ ಮೇಲಿಡಿ: ಯಾವ ತಿಂಗಳಿಂದ ಯಾವ ತಿಂಗಳಿಗೆ, ಯಾವ ವಿಳಾಸ, ಯಾವ ಕೆಲಸ, ಅದಕ್ಕೆ ಎಷ್ಟನೇ ಕಾಗದ ನೋಡಬೇಕು. ರಜೆಯ ಸಾಲನ್ನು ಮುಚ್ಚಿಡದೆ ಎದ್ದು ಕಾಣುವಂತೆ ಬರೆಯಿರಿ.

ಇನ್ನು ನನ್ನ ಅಭಿಪ್ರಾಯ. ಲೆಕ್ಕದ ಪ್ರಕಾರ ಮೇ ಕೊನೆಗೆ 21 ಆಗುತ್ತದೆ, ಆದರೆ ಕೆಲವು ಅಧಿಕಾರಿಗಳು ವಿಮೆಯಿಲ್ಲದ ಆ ಒಂದು ತಿಂಗಳನ್ನು ಒಪ್ಪದೆ ಪತ್ರ ಬರೆಯಬಹುದು. ಬ್ಲೂ ಕಾರ್ಡಿನ ಅವಧಿ ಇನ್ನೂ ಸಾಕಷ್ಟಿದ್ದರೆ ಜುಲೈ ತಿಂಗಳ ಸಂಬಳದ ಚೀಟಿ ಕೈಗೆ ಬಂದ ಮೇಲೆ ಅರ್ಜಿ ಹಾಕಿ. ಆಗ ಅವರು ಆ ಒಂದು ತಿಂಗಳನ್ನು ಬಿಟ್ಟು ಎಣಿಸಿದರೂ 21 ದಾಟಿರುತ್ತದೆ.